ನಿಂತರೆ ಕಾಯ್ತೀನಿ, ಮಸುಕು ಬೇಡ

ನಮ್ಮ ಸಾಲಿನಲ್ಲಿ ಐದು ಮಳಿಗೆಗಳಿವೆ. ಮೊದಲನೆಯದು ನನ್ನ ಜೆರಾಕ್ಸ್ ಅಂಗಡಿ, ಎರಡನೆಯದು ಚಕ್ರದಣ್ಣನದು. ಅವನು ಸಿಮ್ ಮಾರುತ್ತಾನೆ, ರೀಚಾರ್ಜ್ ಮಾಡುತ್ತಾನೆ, ಒಡೆದ ಗಾಜು ಬದಲಾಯಿಸುತ್ತಾನೆ. ಅವನ ನಿಜವಾದ ಕಸುಬು ಮಾತ್ರ ಬೇರೆ. ವಿಡಿಯೋ ನೋಡುವಾಗ ನಡುವೆ ಚಕ್ರ ಸುತ್ತುತ್ತದಲ್ಲ, ಅದನ್ನು ನಿಲ್ಲಿಸುವುದು. ದಿನಕ್ಕೆ ಹತ್ತು ಜನ ಅದೊಂದೇ ದೂರು ಹೊತ್ತು ಬರುತ್ತಾರೆ. ಹಾಗಾಗಿ ಆ ಹೆಸರು. ಅವನಿಗೂ ಒಳಗೊಳಗೇ ಅದು ಇಷ್ಟ. ಬೇಡ ಅನ್ನುವ ಹಾಗೆ ಮುಖ ಮಾಡುತ್ತಿದ್ದನಷ್ಟೆ.

ಅವನ ತಂಗಿಗೆ ಕಿವಿ ಕೇಳಿಸುವುದಿಲ್ಲ. ಮೂರು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತಂತೆ. ಈಗ ನಲವತ್ತು ದಾಟಿದೆ. ಕೈಯಲ್ಲೇ ಮಾತು, ಕಣ್ಣಲ್ಲೇ ಕೇಳುವುದು. ಅಂಥವಳ ಕಣ್ಣಿಗೆ ಏನಾದರೂ ಆದರೆ ಅದು ನಿಮಗೋ ನನಗೋ ಆದ ಹಾಗಲ್ಲ. ಲೋಕ ಅವಳ ಜೊತೆ ಮಾತು ಬಿಟ್ಟ ಹಾಗೆ. ಇದು ನನಗೆ ಗೊತ್ತಿತ್ತು, ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಹನ್ನೊಂದು ತಿಂಗಳು ನಾವಿಬ್ಬರೂ ಕಣ್ಣಿದ್ದೂ ಕುರುಡರಾದೆವು. ಅವನು ಅವಳಿಗೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ ಅನ್ನುವುದೇ ನನ್ನ ಹೊಟ್ಟೆ ಉರಿಸುವ ಸಂಗತಿ.

ಅವನು ಗಿರಾಕಿಗಳಿಗೆ ಹೇಳುತ್ತಿದ್ದುದನ್ನು ಮೊದಲು ಕೇಳಿ. ಹಿಂದಿನ ಬೀದಿಯ ಅಜ್ಜಿಯೊಬ್ಬರು ಧಾರಾವಾಹಿ ನಿಂತು ನಿಂತು ಬರುತ್ತದೆಂದು ಫೋನನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದ್ದರು.

"ಮನೆ ಮೇಲೆ ಟ್ಯಾಂಕ್ ಇದೆ ಅಂದ್ಕೊಳ್ಳಿ ಅಜ್ಜಿ," ಎಂದ. "ಟವರಿಂದ ಸಣ್ಣ ಪೈಪಲ್ಲಿ ನೀರು ಬಂದು ತುಂಬ್ತಾ ಇರುತ್ತೆ. ಕೆಳಗೆ ನೀವು ನಲ್ಲಿ ಬಿಟ್ಕೊಂಡಿದ್ದೀರ. ಬರೋದಕ್ಕಿಂತ ಜಾಸ್ತಿ ಬಿಟ್ರೆ?"

"ಖಾಲಿಯಾಗುತ್ತೆ. ಇದನ್ನ ನನಗೆ ಹೇಳ್ಕೊಡ್ತೀಯಾ?"

"ಅದೇ ಚಕ್ರ. ಖಾಲಿಯಾದ ಟ್ಯಾಂಕು ಸ್ವಲ್ಪ ತುಂಬೋವರೆಗೂ ಸುತ್ತುತ್ತೆ. ಸಾಯಂಕಾಲ ಎಲ್ರೂ ಮನೆಗೆ ಬಂದು ಒಂದೇ ಟವರಿಗೆ ಬಾಯಿ ಹಾಕ್ತಾರೆ, ನಿಮ್ಮ ಪಾಲಿಗೆ ಬರೋ ಪೈಪು ಇನ್ನೂ ಸಣ್ಣ ಆಗುತ್ತೆ. ದಿನದ ಡೇಟಾ ಮುಗಿದಿದ್ರಂತೂ ಕಂಪನಿಯವರೇ ಪೈಪನ್ನ ಹಿಸುಕಿಬಿಡ್ತಾರೆ, ತೊಟ್ಟು ತೊಟ್ಟು ಬರುತ್ತೆ."

"ಮತ್ತೆ ಒಂದೊಂದ್ಸಲ ನಿಲ್ಲಲ್ಲ, ಮುಖ ಎಲ್ಲ ಕಲಸಿ ಹೋಗುತ್ತಲ್ಲ?"

ಈ ಪ್ರಶ್ನೆ ಬಂದರೆ ಅವನು ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ವಿಡಿಯೋ ಒಂದೇ ಉದ್ದದ ಸಾಮಾನಲ್ಲವಂತೆ. ಕೆಲವೇ ಸೆಕೆಂಡಿನ ತುಂಡು ತುಂಡು ಮಾಡಿಟ್ಟಿರುತ್ತಾರೆ. ಒಂದೊಂದು ತುಂಡನ್ನೂ ನಾಲ್ಕೈದು ಥರ ಮಾಡಿಟ್ಟಿರುತ್ತಾರೆ: ಅಚ್ಚುಕಟ್ಟಾಗಿ ಕಾಣುವ ಭಾರದ್ದು, ಸುಮಾರಾದದ್ದು, ಕಲಸಿದಂತಿರುವ ಹಗುರದ್ದು. ಫೋನು ಮುಂದಿನ ತುಂಡು ಕೇಳುವ ಮೊದಲು ಎರಡು ಲೆಕ್ಕ ನೋಡುತ್ತದೆ. ಹಿಂದಿನ ತುಂಡುಗಳು ಎಷ್ಟು ಬೇಗ ಬಂದವು, ಟ್ಯಾಂಕಿನಲ್ಲಿ ಇನ್ನೆಷ್ಟಿದೆ. ನಿಧಾನವಾಗಿದ್ದರೆ ಹಗುರದ್ದು ಕೇಳುತ್ತದೆ, ಚೆನ್ನಾಗಿದ್ದರೆ ಭಾರದ್ದು. ಇದನ್ನೇ 'ಆಟೋ' ಅನ್ನುವುದು.

"ನಿಮ್ಮನ್ನ ಕೇಳಲ್ಲ ಅದು. ನಿಲ್ಲೋದಕ್ಕಿಂತ ಮಸುಕಾದ್ರೂ ಓಡ್ಲಿ ಅಂತ ತಾನೇ ತೀರ್ಮಾನ ಮಾಡ್ಬಿಡುತ್ತೆ," ಎಂದು ಹೇಳಿ, ಅಜ್ಜಿಯ ಫೋನಿನಲ್ಲಿ ಡೇಟಾ ಸೇವರ್ ಒತ್ತಿ ಕೊಟ್ಟ.

ಅದು ಅವನ ಅಭ್ಯಾಸ. ಕೈಗೆ ಬಂದ ಫೋನು ಯಾವುದೇ ಇರಲಿ, ಯಾವ ಕೆಲಸಕ್ಕೇ ಬಂದಿರಲಿ, ವಾಪಸು ಕೊಡುವ ಮೊದಲು ಡೇಟಾ ಸೇವರ್ ಹಾಕಿಯೇ ಕೊಡುವುದು. ಎರಡು ಕಡೆ ಹಾಕುತ್ತಿದ್ದ. ಫೋನಿನದೇ ಒಂದು, ನೀವು ತೆರೆಯದ ಆ್ಯಪ್‌ಗಳು ಹಿಂದಿನಿಂದ ಡೇಟಾ ಕುಡಿಯದ ಹಾಗೆ ತಡೆಯುವುದು. ವಿಡಿಯೋ ಆ್ಯಪಿನೊಳಗೆ ಇನ್ನೊಂದು. ಮೊಬೈಲ್ ಡೇಟಾದಲ್ಲಿ ಎಷ್ಟೇ ವೇಗವಿದ್ದರೂ ಭಾರದ ತುಂಡು ಕೇಳಬೇಡ ಎಂದು ಬೀಗ ಹಾಕುವುದು. ಜನರನ್ನು ಕೇಳುತ್ತಿರಲಿಲ್ಲ. ಪುಣ್ಯದ ಕೆಲಸಕ್ಕೆ ಯಾಕೆ ಕೇಳಬೇಕು ಎನ್ನುತ್ತಿದ್ದ.

ತಂಗಿಯ ಫೋನಿಗೂ ಆ ಪುಣ್ಯ ಮಾಡಿದ್ದ.

ಅವಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿ ತಪಾಸಣೆಯ ಮೇಜಿನಲ್ಲಿದ್ದಳು. ಹೊಲಿಗೆ ಬಿಟ್ಟದ್ದು, ದಾರ ಜೋತದ್ದು, ಗುಂಡಿ ಓರೆಯಾದದ್ದು ಎಲ್ಲ ಒಂದೇ ನೋಟಕ್ಕೆ ಹಿಡಿಯುವವಳು. ಹೋದ ವರ್ಷ ಕಿವುಡ ಮಕ್ಕಳಿಗೆ ಕೈಭಾಷೆ ಕಲಿಸುವ ಶಿಕ್ಷಕಿಯಾಗಬೇಕೆಂದು ತರಬೇತಿಗೆ ಸೇರಿದಳು. ಪಾಠಗಳೆಲ್ಲ ವಿಡಿಯೋದಲ್ಲಿ ಬರುತ್ತಿದ್ದವು. ಒಂದು ಸಾಯಂಕಾಲ ಕೆಲಸದಿಂದ ನೇರ ಅಂಗಡಿಗೆ ಬಂದು ಫೋನನ್ನು ಅಣ್ಣನ ಮೂಗಿನ ಮುಂದೆ ಹಿಡಿದಳು. ಅವಳ ಕೈಮಾತು ನನಗೂ ಅಷ್ಟಿಷ್ಟು ಬರುತ್ತದೆ. ಹನ್ನೆರಡು ವರ್ಷ ಪಕ್ಕದಲ್ಲಿದ್ದೇನೆ.

"ಟೀಚರ್ ಬೆರಳೆಲ್ಲ ಅಂಟ್ಕೊಂಡಿದೆ," ಎಂದಳು. "ಎರಡು ಬೆರಳಾ, ಮೂರು ಬೆರಳಾ ಗೊತ್ತಾಗ್ತಿಲ್ಲ. ಒಂದು ಬೆರಳು ಆಚೆ ಈಚೆ ಆದ್ರೆ ಪದಾನೇ ಬೇರೆ."

ಅವನು ಕ್ವಾಲಿಟಿ ತೆಗೆದು ನೋಡಿದ. 240 ಎಂದಿತ್ತು, ಹಗುರದ್ದು. ತಾನೇ ಹಾಕಿದ ಬೀಗ. ನಾಲಿಗೆ ಕಚ್ಚಿಕೊಂಡು ಡೇಟಾ ಸೇವರ್ ತೆಗೆದ. ಅಷ್ಟಕ್ಕೆ ಮುಗಿಯಲಿಲ್ಲ. ಏಳು ಗಂಟೆಯ ಹೊತ್ತು, ಟವರಿನ ಮೇಲೆ ಊರೆಲ್ಲ ಬಿದ್ದಿತ್ತು, ಆಟೋ ಮತ್ತೆ ಕೆಳಗಿಳಿಸಿತು. ಆಗ ಅವನು ಕೈಯಿಂದಲೇ ಭಾರದ 720ಕ್ಕೆ ಇಟ್ಟ. ಚಕ್ರ ಸುತ್ತಲು ಶುರುವಾಯಿತು.

"ನೋಡು, ನಿಲ್ಲುತ್ತೆ," ಎಂದ. "ಕೈಯಿಂದ ಇಟ್ರೆ ಇದು ಇಳಿಯಲ್ಲ, ಬದಲಿಗೆ ನಿಂತ್ಬಿಡುತ್ತೆ."

ಅವಳು ಅಂದದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ನಿಂತರೆ ಕಾಯ್ತೀನಿ. ಮಸುಕು ಬೇಡ. ನಿಮಗೆಲ್ಲ ಮಸುಕಾದ್ರೂ ಧ್ವನಿ ಬರುತ್ತೆ, ಅರ್ಥ ಆಗುತ್ತೆ. ನನಗೆ ಮಸುಕಾದ್ರೆ ಏನೂ ಬರಲ್ಲ."

ಅವನು ಅವತ್ತು ಅವಳಿಗೆ ಎಲ್ಲ ಹೇಳಿಕೊಟ್ಟ. ವಿಡಿಯೋ ನಿಲ್ಲಿಸಿಟ್ಟರೆ ಕೆಳಗಿನ ಬೂದುಗೆರೆ ಮುಂದೆ ಸರಿಯುತ್ತದೆ, ಅದು ತುಂಬಿದ ಟ್ಯಾಂಕು. ಆದರೆ ಇಡೀ ಪಾಠ ತುಂಬುವುದಿಲ್ಲ, ಸ್ವಲ್ಪ ದೂರ ಹೋಗಿ ಸಾಕು ಎಂದು ನಿಲ್ಲುತ್ತದೆ. ಪೂರ್ತಿ ಬೇಕಿದ್ದರೆ ಬೆಳಿಗ್ಗೆ ಟವರ್ ಖಾಲಿ ಇರುವಾಗ ಡೌನ್‌ಲೋಡ್ ಮಾಡಿಕೊಳ್ಳಬೇಕು, ಅದರಲ್ಲೂ ಕ್ವಾಲಿಟಿ ಮೇಲಿನದನ್ನೇ ಆರಿಸಬೇಕು. ಮರುದಿನ ಅವಳು ಬಂದು ಅವನ ಬೆನ್ನಿಗೆ ಒಂದು ಗುದ್ದಿ, ಹತ್ತೂ ಬೆರಳು ಅರಳಿಸಿ ತೋರಿಸಿದಳು. ಎಲ್ಲ ಬೆರಳೂ ಕಾಣಿಸಿದವು ಎಂದರ್ಥ. ಅವನು ಆ ದಿನವೆಲ್ಲ ಅಂಗಡಿಯಲ್ಲಿ ಕಾಲು ನೆಲಕ್ಕೆ ತಾಗದ ಹಾಗೆ ಓಡಾಡಿದ.

ಆ ಗೆಲುವೇ ನಮ್ಮನ್ನು ಹಾಳು ಮಾಡಿದ್ದು. ಒಂದು ಸಲ ರೋಗ ಯಾವುದೆಂದು ಕಂಡುಹಿಡಿದೆ ಅನ್ನಿಸಿದರೆ ಆಮೇಲೆ ಬಂದದ್ದೆಲ್ಲ ಅದೇ ರೋಗ.

ಎರಡು ತಿಂಗಳಿಗೆ ಮತ್ತೆ ಬಂದಳು. ಡೌನ್‌ಲೋಡ್ ಮಾಡಿದ್ದೂ ಸರಿಯಿಲ್ಲ ಎಂದಳು. ತೆಗೆದು ನೋಡಿದರೆ ಕಡಿಮೆ ಕ್ವಾಲಿಟಿಯಲ್ಲಿ ಇಳಿಸಿಕೊಂಡಿದ್ದಳು. ನೋಡಿದ್ಯಾ ಎಂದ. ಆಮೇಲೆ ಗೆಳತಿಯ ವಿಡಿಯೋ ಕಾಲಿನಲ್ಲಿ ಕೈ ಮಂಜು ಮಂಜು ಎಂದಳು. ಕಾಲ್ ನಡೆಯುವಾಗ ಟ್ಯಾಂಕು ತುಂಬಿಸಿಡಲು ಆಗುವುದಿಲ್ಲ, ಆಗಿಂದಾಗಲೇ ಬರಬೇಕಲ್ಲ, ಅದಕ್ಕೇ ಚಿತ್ರ ಕೆಡುತ್ತದೆ ಎಂದ. ಸತ್ಯವೇ. ಸಿಮ್ ಬದಲಾಯಿಸಿದ. ದಿನದ ಡೇಟಾ ಹೆಚ್ಚಿರುವ ಪ್ಯಾಕ್ ಹಾಕಿದ. ದೊಡ್ಡ ಪರದೆಯ ಫೋನು ತಂದುಕೊಟ್ಟ. ಒಂದೊಂದಕ್ಕೂ ಒಂದೊಂದು ಸರಿಯಾದ ಕಾರಣ ಅವನ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಅವಳು ತಲೆಯಾಡಿಸಿ ಹೋಗುತ್ತಿದ್ದಳು. ಚಕ್ರದ ವಿಷಯದಲ್ಲಿ ಅಣ್ಣನಿಗಿಂತ ತಿಳಿದವರು ಇಲ್ಲವೆಂದು ಊರೇ ಹೇಳುವಾಗ ಅವಳು ಏನೆಂದು ಎದುರಾಡಬೇಕು?

ನನ್ನ ಪಾಲನ್ನೂ ಹೇಳಿಬಿಡುತ್ತೇನೆ. ನಾನು ಅವಳ ಬಲಗಡೆ ಟೀ ಲೋಟ ಇಟ್ಟರೆ ಅವಳು ಮೇಜೆಲ್ಲ ತಡಕುತ್ತಿದ್ದಳು. ನನ್ನ ಅಂಗಡಿಯ ಅರ್ಧ ಎಳೆದ ಬಾಗಿಲಿಗೆ ಭುಜ ಬಡಿದುಕೊಂಡಳು, ಒಂದಲ್ಲ, ಮೂರು ಸಲ. ನಾನು ನಕ್ಕು, ಫೋನು ನೋಡೀ ನೋಡೀ ನಿನಗೆ ದಾರಿಯೇ ಕಾಣಿಸಲ್ಲ ಎಂದು ಕೈಯಲ್ಲಿ ಚುಡಾಯಿಸಿದ್ದೆ. ಅವಳೂ ನಕ್ಕಿದ್ದಳು. ಆ ನಗು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಒಂದು ದಿನ ಅವಳು ತರಬೇತಿಯ ಯಾವುದೋ ಕಾಗದ ಜೆರಾಕ್ಸ್ ಮಾಡಿಸಲು ಬಂದಳು. ಕಾರ್ಖಾನೆ ಬಿಡುವ ಹೊತ್ತಾಗಿರಲಿಲ್ಲ. ಯಾಕೆ ಬೇಗ ಎಂದೆ.

"ತಪಾಸಣೆಯಿಂದ ತೆಗೆದ್ರು," ಎಂದಳು. "ಈಗ ಪ್ಯಾಕಿಂಗ್, ಬೇಗ ಬಿಡ್ತಾರೆ. ದಾರ ಬಿಟ್ಟ ಅಂಗಿ ನನ್ನ ಮೇಜಿಂದ ದಾಟಿ ಹೋಗ್ತಿದೆಯಂತೆ. ಅಣ್ಣನಿಗೆ ಹೇಳ್ಬೇಡ ಅಕ್ಕ, ಬೇಜಾರು ಮಾಡ್ಕೊಳ್ತಾನೆ."

ಅಂಗಿಗೆ ಯಾವ ಟವರ್ ಇದೆ, ಯಾವ ಡೇಟಾ ಇದೆ? ಅಷ್ಟು ಯೋಚಿಸುವ ಬುದ್ಧಿ ಅವತ್ತು ನನ್ನ ತಲೆಗೆ ಬರಲಿಲ್ಲ. ಬಾಯಿ ಮುಚ್ಚಿಕೊಂಡು ಗುಟ್ಟು ಕಾಪಾಡಿದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಹನ್ನೊಂದನೆಯ ತಿಂಗಳಲ್ಲಿ ನಮ್ಮ ಸಾಲಿಗೆ ಇಂಟರ್‌ನೆಟ್ ಕೇಬಲ್ ಬಂತು. ಚಕ್ರದಣ್ಣ ಮೊದಲು ಹಾಕಿಸಿಕೊಂಡವನು. ತಂಗಿಯ ಪರೀಕ್ಷೆಗೆ ಮೂರು ವಾರವಿತ್ತು. ರಜೆಯ ದಿನ ಮಧ್ಯಾಹ್ನ ಅವಳನ್ನು ಅಂಗಡಿಯಲ್ಲಿ ಕೂರಿಸಿದ. ನನ್ನನ್ನೂ ಕರೆದ.

"ಬನ್ನಿ ಅಕ್ಕ, ಇವತ್ತು ಚಕ್ರದ ಕಥೆ ಮುಗಿಸ್ತೀನಿ. ವೈಫೈಲಿ ಸೇವರ್ ಗೀವರ್ ಏನೂ ಅಡ್ಡ ಬರಲ್ಲ."

ಪಾಠ ಹಾಕಿದ. ಎಲ್ಲಕ್ಕಿಂತ ಮೇಲಿನ ಕ್ವಾಲಿಟಿ. ಬೂದುಗೆರೆ ಸರ್ರನೆ ಓಡಿತು. ಪರದೆಯ ಮೇಲೆ ಟೀಚರ್ ಕೈ ಎತ್ತಿದರು. ತಂಗಿ ಫೋನನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು, ತಲೆಯನ್ನು ಆ ಕಡೆ ಈ ಕಡೆ ಆಡಿಸಿದಳು.

"ಮಸುಕು," ಎಂದಳು. "ಒಂದು ಕೈ ಬರುತ್ತೆ, ಇನ್ನೊಂದು ಎಲ್ಲೋ ಹೋಗುತ್ತೆ."

"ಹೊಸ ಲೈನು, ವೇಗ ಏರಿಳಿತ ಇರಬಹುದು," ಎಂದ ನನಗೆ. ಧ್ವನಿ ಸ್ವಲ್ಪ ಮೇಲೆ ಹೋಗಿತ್ತು. "ಇರಿ, ಇಳಿಸಿಯೇ ಬಿಡ್ತೀನಿ." ಪಾಠ ಪೂರ್ತಿ ಡೌನ್‌ಲೋಡ್ ಮಾಡಿದ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದ. ವೈಫೈಯನ್ನೂ ಆರಿಸಿದ. "ಈಗ ನೆಟ್‌ವರ್ಕೇ ಇಲ್ಲ. ಇರೋದೆಲ್ಲ ಫೋನಿನ ಹೊಟ್ಟೆಯೊಳಗೇ ಇದೆ. ಇನ್ನು ಮಸುಕಾಗೋದಕ್ಕೆ ಕಾರಣವೇ ಇಲ್ಲ."

ಹಾಕಿದ. ನಾವಿಬ್ಬರೂ ಬಗ್ಗಿ ನೋಡಿದೆವು. ಟೀಚರ್ ಎಡ ಹೆಬ್ಬೆರಳಿಗೆ ಗಾಯದ ಪಟ್ಟಿ ಸುತ್ತಿದ್ದರು, ಅದರ ಅಂಚಿನಲ್ಲಿ ಹೊರಗೆ ಬಂದಿದ್ದ ಹತ್ತಿ ಕೂಡ ನನಗೆ ಕಂಡಿತು. ಅವನು ತಂಗಿಯ ಭುಜ ತಟ್ಟಿದ. "ಟೀಚರ್ ಹೆಬ್ಬೆರಳಿಗೆ ಏನಾಗಿದೆ ಹೇಳು."

ಅವಳು ತುಂಬ ಹೊತ್ತು ನೋಡಿದಳು. ಆಮೇಲೆ ಅವನಿಗೆ ಸಮಾಧಾನ ಹೇಳುವವಳ ಹಾಗೆ ಮೆಲ್ಲಗೆ ಕೈ ಆಡಿಸಿದಳು. "ಹೋಗ್ಲಿ ಬಿಡು. ಇಲ್ಲೂ ನೆಟ್‌ವರ್ಕ್ ಸರಿಯಿಲ್ಲ."

ಅವನು ಪರದೆಯ ಮೇಲಿನ ಮೂಲೆಯಲ್ಲಿದ್ದ ಏರೋಪ್ಲೇನ್ ಗುರುತಿನ ಮೇಲೆ ಬೆರಳಿಟ್ಟು ಹಾಗೇ ನಿಂತ. ಬಹುಶಃ ಅವಳಿಗೆ ಆ ಗುರುತೂ ಕಾಣಲಿಲ್ಲ. ಹನ್ನೊಂದು ತಿಂಗಳು ದೂರಲು ಒಂದಲ್ಲ ಒಂದು ಸಿಕ್ಕಿತ್ತು: ಟವರು, ಸಿಮ್ಮು, ಸೇವರು, ಫೋನು. ಅವನು ಒಂದೊಂದಾಗಿ ಎಲ್ಲವನ್ನೂ ತೆಗೆದು ಹಾಕಿದ್ದ. ಉಳಿದದ್ದು ಅವಳ ಕಣ್ಣು ಮಾತ್ರ.

ಫೋನು ಕೆಳಗಿಟ್ಟು ಅವಳ ಎದುರು ಕೂತ. ನನ್ನನ್ನೇ ನೋಡು ಎಂದು ಸನ್ನೆ ಮಾಡಿ, ಬಲಗೈಯನ್ನು ಅವಳ ಕಿವಿಯ ನೇರದಿಂದ ನಿಧಾನ ಮುಂದೆ ತಂದ. ಕೈ ಕಂಡ ಕೂಡಲೇ ತಲೆಯಾಡಿಸು ಎಂದಿದ್ದ. ಕೈ ಅವಳ ಕೆನ್ನೆ ದಾಟಿತು. ಹುಬ್ಬಿನ ಕೊನೆ ದಾಟಿತು. ಅವಳು ಸುಮ್ಮನೆ ಅವನ ಮುಖವನ್ನೇ ನೋಡುತ್ತಿದ್ದಳು, ಇನ್ನೂ ಶುರು ಮಾಡಿಲ್ಲವೇನೋ ಎಂಬಂತೆ. ಕೈ ಹೆಚ್ಚುಕಡಿಮೆ ಅವನ ಮೂಗಿನ ಹತ್ತಿರ ಬಂದಾಗ ತಲೆಯಾಡಿಸಿದಳು. ಅವನ ಮುಖ ನೋಡಿ ಅವಳ ಮುಖವೂ ಬಿಳಿಚಿತು.

"ಏನು?" ಎಂದು ಕೇಳಿದಳು. "ಫೋನಲ್ಲವಾ?"

ಮರುದಿನ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಹೋದೆವು. ನಾನು ಬಾಗಿಲಿಗೆ ಬೀಗ ಹಾಕಿ ಜೊತೆಗೆ ಹೋದೆ. ಅಂಗಡಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಅವಳ ಗಲ್ಲವನ್ನು ಒಂದು ಯಂತ್ರದ ಮೇಲಿಡಿಸಿ, ಒಳಗೆ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತು ಎಂದರು. ಅಣ್ಣ ಅದನ್ನು ಮೊದಲೇ ಕೈಯಲ್ಲಿ ವಿವರಿಸಿದ. ಯಂತ್ರ ತನ್ನ ಪಾಡಿಗೆ ಚುಕ್ಕೆ ತೋರಿಸುತ್ತಿತ್ತು. ಅವಳ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾಯುತ್ತಿತ್ತು. ಒತ್ತು, ಒತ್ತು ಎಂದು ಅವನು ಬಾಯೊಳಗೇ ಹೇಳಿಕೊಳ್ಳುತ್ತಿದ್ದುದು ನನಗೆ ಕೇಳಿಸಿತು.

ಎರಡು ಕಣ್ಣಿಗೆ ಎರಡು ಹಾಳೆ ಬಂದವು. ಇಪ್ಪತ್ತು ವರ್ಷ ಜೆರಾಕ್ಸ್ ಮಾಡಿದವಳು ನಾನು. ಟೋನರ್ ಪುಡಿ ಚೆಲ್ಲಿ ಕೆಟ್ಟ ಹಾಳೆ ಹೇಗಿರುತ್ತದೆ ಗೊತ್ತು. ಇವೂ ಹಾಗೇ: ಅವಳಿಗೆ ಕಾಣದ ಸುತ್ತೆಲ್ಲ ಕಪ್ಪು, ನಡುವೆ ಅಂಗೈಯಷ್ಟೂ ಇಲ್ಲದ ಬಿಳುಪು. ಇದು ಯಂತ್ರದ ತಪ್ಪಾಗಿರಲಿ ಎಂದು ಬೇಡಿಕೊಂಡೆ. ಎಲ್ಲರ ಹಾಗೆ ನಾನೂ ತಪ್ಪನ್ನು ಯಂತ್ರದ ಮೇಲೇ ಹಾಕಿದೆ.

ಡಾಕ್ಟರಮ್ಮ ವಯಸ್ಸಾದವರು, ಸಾವಧಾನದ ಮಾತು. "ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ನರ ಹಾಳಾಗ್ತಾ ಬಂದಿದೆ," ಎಂದರು. "ನೋವಿರಲ್ಲ, ಕೆಂಪಾಗಲ್ಲ. ಅಂಚಿಂದ ಶುರುವಾಗುತ್ತೆ. ಅದಕ್ಕೇ ಬೇಗ ಗೊತ್ತಾಗಲ್ಲ. ಹೋದದ್ದನ್ನ ವಾಪಸ್ ತರಕ್ಕಾಗಲ್ಲಪ್ಪ. ಉಳಿದದ್ದನ್ನ ಉಳಿಸ್ಕೊಳ್ಳೋಕೆ ಇವತ್ತಿಂದಲೇ ಹನಿ ಹಾಕ್ಬೇಕು. ಆಪರೇಷನ್ ಬೇಕಾಗಬಹುದು."

ಅವನು ತಂಗಿಗೆ ತಿರುಗಿ ಹೇಳತೊಡಗಿದ. ಅವನ ಕೈ ದೊಡ್ಡ ಕೈ. ಮನೆಯಲ್ಲಿ ಬೆಳೆದ ಮಾತು, ತೋಳಗಲ ಆಡುತ್ತಾನೆ. ಅವಳು ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದಳು. "ಚಿಕ್ಕದಾಗಿ ಹೇಳು. ಇಲ್ಲಿ," ಎಂದು ಅವನ ಕೈಗಳೆರಡನ್ನೂ ಅವನ ಗಲ್ಲದ ಕೆಳಗೆ ತಂದಿಟ್ಟಳು. ಅವನು ಅಷ್ಟೇ ಜಾಗದೊಳಗೆ ಹೇಳಿದ. ಹೋದದ್ದು ಬರುವುದಿಲ್ಲ ಎಂಬುದನ್ನೂ ಹೇಳಿದ. ಅವಳು ಅಳಲಿಲ್ಲ. ಡಾಕ್ಟರಮ್ಮನ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು, ಕೇಳಿ ಅಣ್ಣನನ್ನು ನೋಡಿದಳು, ಹೇಳು ಎಂಬಂತೆ.

ಅವನು ಡಾಕ್ಟರಮ್ಮನಿಗೆ ಹೇಳಿದ. "ಹೋದ ವರ್ಷ, ಮೊದಲನೇ ಸಲ ಮಸುಕು ಅಂದಾಗಲೇ ಬಂದಿದ್ರೆ ಅಂತ ಕೇಳ್ತಿದ್ದಾಳೆ."

ಡಾಕ್ಟರಮ್ಮ ಹಾಳೆಗಳನ್ನು ಒಮ್ಮೆ ನೋಡಿದರು. "ಇಷ್ಟೇ ಉಳೀತಿತ್ತು ಅಂತ ಅಳತೆ ಹೇಳಕ್ಕಾಗಲ್ಲ. ಆದ್ರೆ ಆಗ ಶುರು ಮಾಡಿದ್ರೆ ಇದಕ್ಕಿಂತ ತುಂಬ ಜಾಸ್ತಿ ಉಳೀತಿತ್ತು."

ಅವನ ಕೈಗಳು ಗಲ್ಲದ ಕೆಳಗೆ ಹಾಗೇ ನಿಂತವು. ಆ ಕೋಣೆಯಲ್ಲಿ ಆ ಉತ್ತರ ಗೊತ್ತಿಲ್ಲದವಳು ಅವಳೊಬ್ಬಳೇ. ಏನು ಬೇಕಾದರೂ ಹೇಳಬಹುದಿತ್ತು. ವ್ಯತ್ಯಾಸವೇನೂ ಆಗುತ್ತಿರಲಿಲ್ಲವಂತೆ ಎಂದುಬಿಟ್ಟರೆ ಸಾಕಿತ್ತು, ಡಾಕ್ಟರಮ್ಮನಿಗೆ ಕೈಭಾಷೆ ಬಾರದು, ನಾನಂತೂ ಬಾಯಿ ಬಿಡುತ್ತಿರಲಿಲ್ಲ. ಅವನ ಬೆರಳು ಆ ಸುಳ್ಳಿಗೆ ಹೊರಟದ್ದನ್ನು ನಾನು ಕಂಡೆ. ಅವಳೂ ಕಂಡಿರಬೇಕು.

"ನಿಂತರೆ ಕಾಯ್ತೀನಿ," ಎಂದಳು ಅವಳು. "ಮಸುಕು ಬೇಡ."

ಅವನು ಹೇಳಿದ. ಚಿಕ್ಕದಾಗಿ, ನಿಧಾನವಾಗಿ, ಒಂದೊಂದು ಬೆರಳೂ ಬಿಡಿಬಿಡಿಯಾಗಿ ಕಾಣುವ ಹಾಗೆ ಪೂರ್ತಿ ಹೇಳಿದ. ತುಂಬ ಜಾಸ್ತಿ ಉಳಿಯುತ್ತಿತ್ತು ಎಂಬುದನ್ನೂ ಹೇಳಿದ. ಕೊನೆಗೆ ಕೈಯನ್ನು ಎದೆಗೆ ಒಯ್ಯತೊಡಗಿದ. ತಪ್ಪಾಯಿತು ಎನ್ನಲು ಅವರ ಮಾತಿನಲ್ಲಿ ಎದೆಯ ಮೇಲೆ ಮುಷ್ಟಿ ಸುತ್ತುತ್ತಾರೆ.

ಅದು ಎದೆ ಮುಟ್ಟುವ ಮೊದಲೇ ಅವಳು ಕಣ್ಣು ಮುಚ್ಚಿಕೊಂಡಳು. ಕಿವಿ ಕೇಳುವವರಾಗಿದ್ದರೆ ಬೆನ್ನ ಹಿಂದಿನಿಂದಾದರೂ ಕೂಗಿ ಹೇಳಬಹುದು. ಅವಳು ಕಣ್ಣು ಮುಚ್ಚಿದ ಮೇಲೆ ಅವಳಿಗೆ ಹೇಳಲು ದಾರಿಯಿಲ್ಲ. ಡಾಕ್ಟರಮ್ಮ ಚೀಟಿ ಬರೆದು ಮುಗಿಸಿದರು, ಮುಂದಿನವರ ಹೆಸರು ಕೂಗಿದರು. ಅವಳು ಕುರ್ಚಿಯಲ್ಲಿ ಕಣ್ಣು ಮುಚ್ಚಿಯೇ ಕೂತಿದ್ದಳು, ಅವನು ಅವಳ ಎದುರು ಮೊಣಕಾಲೂರಿ, ಎದೆಯ ಮೇಲೆ ಮುಷ್ಟಿ ಇಟ್ಟುಕೊಂಡು ಕಾಯುತ್ತಿದ್ದ.